ಸಹಾಯ ಬೇಕು: ಸೀರೀಸ್-ಪ್ಯಾರಲಲ್ ಸರ್ಕ್ಯೂಟ್‌ನಲ್ಲಿ ವಾಪಸ್ ಬರುವ ಹಂತ

ನಮಸ್ಕಾರ. ಡಿಪ್ಲೊಮಾ ಮೊದಲ ವರ್ಷದ ತಮ್ಮನಿಗೆ ಈ ಲೆಕ್ಕ ಹೇಳಿಕೊಡುತ್ತಿದ್ದೇನೆ. 36 ವೋಲ್ಟ್ ಸಪ್ಲೈ. ಮೊದಲು ಸೀರೀಸ್‌ನಲ್ಲಿ R1 = 4 ಓಮ್. ಆಮೇಲೆ ದಾರಿ ಎರಡಾಗುತ್ತದೆ. ಒಂದರಲ್ಲಿ R2 = 12 ಓಮ್. ಇನ್ನೊಂದರಲ್ಲಿ R3 = 2 ಓಮ್, ಅದರ ಮುಂದೆ R4 = 6 ಮತ್ತು R5 = 12 ಓಮ್ ಪ್ಯಾರಲಲ್.

ಸಪ್ಲೈಯಿಂದ ದೂರದ ತುದಿಯಿಂದ ಶುರು ಮಾಡಿದೆವು. R4, R5 ಸೇರಿ 4 ಓಮ್. R3 ಕೂಡಿಸಿದರೆ 6. ಅದು R2 ಜೊತೆ ಪ್ಯಾರಲಲ್, ಮತ್ತೆ 4. R1 ಸೇರಿ ಒಟ್ಟು 8 ಓಮ್. ಕರೆಂಟ್ 36/8 = 4.5 ಆಂಪಿಯರ್. ಇಷ್ಟು ಅವನಿಗೆ ಸುಲಭ.

ತೊಡಕು ವಾಪಸ್ ಬರುವಾಗ. R4 ಕರೆಂಟ್‌ಗೆ ಅವನು ಸೀದಾ 36/6 = 6 ಆಂಪಿಯರ್ ಅಂತ ಬರೆಯುತ್ತಾನೆ. ಒಟ್ಟು ಕರೆಂಟೇ 4.5, ಒಂದು ಕವಲಿನಲ್ಲಿ ಅದಕ್ಕಿಂತ ಜಾಸ್ತಿ ಹರಿಯೋಕೆ ಆಗಲ್ಲ ಅಲ್ವಾ?

ನಾನು ಹೇಳಿದ್ದು ಹೀಗೆ: R1 ಮೇಲೆ 4.5 × 4 = 18 ವೋಲ್ಟ್ ಬೀಳುತ್ತದೆ, ಕವಲುಗಳಿಗೆ ಉಳಿಯುವುದು 18. R2ನಲ್ಲಿ 18/12 = 1.5, ಇನ್ನೊಂದರಲ್ಲಿ 18/6 = 3 ಆಂಪಿಯರ್. R3 ಮೇಲೆ ಮತ್ತೆ 6 ವೋಲ್ಟ್ ಹೋಗಿ 12 ಉಳಿಯುತ್ತದೆ. ಹಾಗಾಗಿ R4ನಲ್ಲಿ 2, R5ನಲ್ಲಿ 1 ಆಂಪಿಯರ್. ಪ್ರತಿ ಜಂಕ್ಷನ್‌ನಲ್ಲೂ ಮೊತ್ತ ತಾಳೆಯಾಗುತ್ತದೆ.

ಆದರೂ ಪ್ರತಿ ಹಂತಕ್ಕೂ ವೋಲ್ಟೇಜ್ ಬೇರೆ ಅನ್ನುವುದು ಅವನ ಮನಸ್ಸಿಗೆ ಕೂರುತ್ತಿಲ್ಲ. ಪಾಠ ಮಾಡುವವರು ಇದನ್ನು ಯಾವ ಚಿತ್ರ ಬರೆದು ತೋರಿಸುತ್ತೀರಿ? ಎರಡು ಕವಲುಗಳ ನಡುವೆ ಅಡ್ಡ ರೆಸಿಸ್ಟರ್ ಇದ್ದು ಈ ವಿಧಾನ ನಡೆಯದ ಒಂದು ಲೆಕ್ಕವನ್ನೂ ದಯವಿಟ್ಟು ಕೊಡಿ. ಗುರುತಿಸೋದು ಹೇಗೆ ಅಂತ ಅವನಿಗೆ ತೋರಿಸಬೇಕು.