ಆರು ಮಾನಿಟರ್‌ಗಳ ಟ್ರೇಡಿಂಗ್ ಡೆಸ್ಕ್: ಎಷ್ಟು ಪೋರ್ಟ್‌ ಇರುವ ಗ್ರಾಫಿಕ್ಸ್ ಕಾರ್ಡ್ ಬೇಕು?

ಪ್ರಶ್ನೆ – ಮಂಜುನಾಥ, ದಾವಣಗೆರೆ

ಮನೆಯಲ್ಲೇ ಟ್ರೇಡಿಂಗ್‌ಗೆ ಆರು ಮಾನಿಟರ್ ಹಾಕಬೇಕು, ಎಲ್ಲ 24 ಇಂಚು, ಫುಲ್ ಎಚ್‌ಡಿ. ಎರಡು ಈಗಾಗಲೇ ಇವೆ, ಅವಕ್ಕೆ ಎಚ್‌ಡಿಎಂಐ ಮತ್ತು ವಿಜಿಎ ಮಾತ್ರ. ಇನ್ನು ನಾಲ್ಕು ತರಬೇಕು. ಪಿಸಿ ಐ5-12400, 16 ಜಿಬಿ ರ‍್ಯಾಮ್, 450 ವ್ಯಾಟ್ ಪವರ್ ಸಪ್ಲೈ, ಕಾರ್ಡ್ ಇಲ್ಲ. ಬೋರ್ಡಿನ ಹಿಂದೆ ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇ ಪೋರ್ಟ್ ಇದೆ. ಅಂಗಡಿಯಲ್ಲಿ ಐದು ಪೋರ್ಟ್ ಇರೋ ಗೇಮಿಂಗ್ ಕಾರ್ಡ್ ತೋರಿಸಿ, ಆರನೆಯದಕ್ಕೆ ಸ್ಪ್ಲಿಟರ್ ಹಾಕಿದ್ರೆ ಆಯ್ತು ಅಂತಿದ್ದಾರೆ. ಸರಿನಾ?

ಉತ್ತರ – ರಾಘವೇಂದ್ರ (ಬ್ರೋಕರ್ ಕಚೇರಿಗಳಿಗೆ ಪಿಸಿ ಜೋಡಿಸುವವರು)

ಸರಿಯಲ್ಲ, ಎರಡೂ ಮಾತು ತಪ್ಪು. ಕಾರ್ಡಿನ ಹಿಂದೆ ಎಷ್ಟು ತೂತಿದೆ ಅನ್ನೋದು ಬೇರೆ, ಒಳಗಿನ ಚಿಪ್ ಏಕಕಾಲಕ್ಕೆ ಎಷ್ಟು ಬೇರೆ ಬೇರೆ ಚಿತ್ರ ಕೊಡುತ್ತೆ ಅನ್ನೋದು ಬೇರೆ. ಎನ್‌ವಿಡಿಯಾದ ಜಿಫೋರ್ಸ್ ಕಾರ್ಡ್‌ಗಳಲ್ಲಿ ಆ ಲೆಕ್ಕ ನಾಲ್ಕಕ್ಕೆ ನಿಲ್ಲುತ್ತೆ. ಕೆಲವು ಕಂಪನಿಯವರು ಐದು ಪೋರ್ಟ್ ಕೊಡ್ತಾರೆ, ಅದು ಎಚ್‌ಡಿಎಂಐ ಬೇಕಾದವರಿಗೆ ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟ್ ಅಂದ್ರೆ ಡಿಪಿ ಬೇಕಾದವರಿಗೆ ಡಿಪಿ ಸಿಗಲಿ ಅಂತ. ಐದನೆಯ ಮಾನಿಟರ್ ಚುಚ್ಚಿದರೆ ವಿಂಡೋಸ್ ಪಟ್ಟಿಯಲ್ಲಿ ಹೆಸರು ಕಾಣಬಹುದು, ಆದರೆ ಆನ್ ಮಾಡೋಕೆ ಹೋದರೆ ಇನ್ನೊಂದನ್ನು ಆಫ್ ಮಾಡಬೇಕಾಗುತ್ತೆ. ಇನ್ನು ಎಚ್‌ಡಿಎಂಐ ಸ್ಪ್ಲಿಟರ್ ಒಂದೇ ಚಿತ್ರವನ್ನ ಎರಡು ಕಡೆ ತೋರಿಸುತ್ತೆ. ನಿಫ್ಟಿ ಚಾರ್ಟ್ ಎರಡೆರಡು ಸಲ ನೋಡ್ತಾ ಕೂರಬೇಕಷ್ಟೆ.

ನಿಮ್ಮ ಪುಣ್ಯಕ್ಕೆ ಪ್ರೊಸೆಸರ್ 12400. ಅದೇ ಹೆಸರಿನ ಕೊನೆಗೆ ಎಫ್ ಇದ್ದಿದ್ರೆ ಒಳಗೆ ಗ್ರಾಫಿಕ್ಸೇ ಇರ್ತಿರಲಿಲ್ಲ, ಬೋರ್ಡಿನ ಎರಡು ಪೋರ್ಟ್ ಬರೀ ಅಲಂಕಾರ. ನಿಮ್ಮದರಲ್ಲಿ ಅವು ಕೆಲಸ ಮಾಡುತ್ತವೆ. ಹಾಗಾಗಿ ಕಾರ್ಡಿನಿಂದ ನಾಲ್ಕು, ಬೋರ್ಡಿನಿಂದ ಎರಡು, ಅಲ್ಲಿಗೆ ಆರು.

ಕಾರ್ಡ್ ಯಾವುದು ಅಂದ್ರೆ, ಗೇಮಿಂಗ್ ಕಾರ್ಡ್ ಬೇಡ. ಚಾರ್ಟ್ ಎಳೆಯೋಕೆ ಅಷ್ಟು ಬಲ ಬೇಡ, ಆರು ಫುಲ್ ಎಚ್‌ಡಿ ಪರದೆಗೆ 4 ಜಿಬಿ ಮೆಮೊರಿ ಧಾರಾಳ. ಎನ್‌ವಿಡಿಯಾ ಟಿ1000, ಅಥವಾ ಆಮೇಲೆ ಬಂದ ಆರ್‌ಟಿಎಕ್ಸ್ ಎ400 ನೋಡಿ. ಎರಡಕ್ಕೂ ನಾಲ್ಕು ಮಿನಿ ಡಿಸ್‌ಪ್ಲೇ ಪೋರ್ಟ್. 50 ವ್ಯಾಟ್ ಮಾತ್ರ ತಿನ್ನುತ್ತವೆ, ಅದೂ ಸ್ಲಾಟಿನಿಂದಲೇ, ಪ್ರತ್ಯೇಕ ಪವರ್ ವೈರ್ ಬೇಡ. ನಿಮ್ಮ 450 ವ್ಯಾಟ್ ಸಪ್ಲೈ ಸಾಕು. ಟಿ400 ಅಗ್ಗ ಅಂತ ತೋರಿಸಿದರೆ ತಗೋಬೇಡಿ, ಅದಕ್ಕೆ ಮೂರೇ ಪೋರ್ಟ್. ಸೆಕೆಂಡ್ ಹ್ಯಾಂಡಾದರೆ ಕ್ಯಾಬಿನೆಟ್ಟಿಗೆ ಕೂರೋ ಎತ್ತರದ ಲೋಹದ ಪಟ್ಟಿ ಜೊತೆಗಿದೆಯಾ ನೋಡಿಕೊಳ್ಳಿ. ಅರ್ಧ ಎತ್ತರದ ಪಟ್ಟಿ ಹಾಕಿ ಮಾರೋದುಂಟು, ಆಗ ಕಾರ್ಡನ್ನ ಸ್ಕ್ರೂ ಹಾಕಿ ಬಿಗಿಯೋಕೇ ಆಗಲ್ಲ.

ಈಗ ಕೇಬಲ್. ದುಡ್ಡು ಹಾಳಾಗೋದು ಇಲ್ಲೇ. ಹೊಸ ನಾಲ್ಕು ಮಾನಿಟರ್‌ಗೂ ಡಿಸ್‌ಪ್ಲೇ ಪೋರ್ಟ್ ಇರೋದನ್ನೇ ಕೊಳ್ಳಿ. ಆಗ ಕಾರ್ಡಿಗೆ ಮಿನಿ ಡಿಪಿಯಿಂದ ಡಿಪಿಗೆ ಹೋಗೋ ನಾಲ್ಕು ಕೇಬಲ್ ಸಾಕು, ನಡುವೆ ಅಡಾಪ್ಟರ್ ಇರಲ್ಲ. ಹಳೆಯ ಎರಡರಲ್ಲಿ ಒಂದು ಬೋರ್ಡಿನ ಎಚ್‌ಡಿಎಂಐಗೆ ನೇರ. ಇನ್ನೊಂದು ಬೋರ್ಡಿನ ಡಿಪಿಗೆ, ಡಿಪಿಯಿಂದ ಎಚ್‌ಡಿಎಂಐಗೆ ಹೋಗೋ ಕೇಬಲ್ಲಿನಲ್ಲಿ. ಈ ಕೇಬಲ್ ಒಂದೇ ದಿಕ್ಕಿಗೆ ನಡೆಯೋದು: ಡಿಪಿ ತುದಿ ಪಿಸಿಗೆ, ಎಚ್‌ಡಿಎಂಐ ತುದಿ ಮಾನಿಟರಿಗೆ. ತಿರುಗಿಸಿ ಹಾಕಿದರೆ ಪರದೆ ಕಪ್ಪೇ, ಎಲ್ಲಿ ತಪ್ಪಿದೆ ಅಂತ ಯಾವ ಸಂದೇಶವೂ ಬರಲ್ಲ.

ತೀರಾ ಅಗ್ಗದ ಡಿಪಿ ಕೇಬಲ್ ಬೇಡ. ಕೆಲವದರಲ್ಲಿ 20ನೇ ಪಿನ್ನನ್ನ ಎರಡೂ ತುದಿಗೆ ಜೋಡಿಸಿರ್ತಾರೆ, ಅದು ಇರಬಾರದು. ಮಾನಿಟರಿನ ಕರೆಂಟು ಆ ದಾರಿಯಲ್ಲಿ ಕಾರ್ಡಿಗೆ ವಾಪಸ್ ಬರುತ್ತೆ. ಪಿಸಿ ಆಫ್ ಆದರೂ ಒಳಗಿನ ದೀಪ ಮಿಣಮಿಣ ಉರೀತಿದ್ರೆ, ಕೇಬಲ್ ಕಿತ್ತರೆ ಮಾತ್ರ ಬೂಟ್ ಆಗ್ತಿದ್ರೆ, ಮೊದಲು ಕೇಬಲ್ಲನ್ನೇ ಅನುಮಾನಿಸಿ.

ಸುನೀಲ್, ಹುಬ್ಬಳ್ಳಿ

ಇಷ್ಟೆಲ್ಲ ಯಾಕ್ರೀ? ಒಂದು ಎಂಎಸ್‌ಟಿ ಹಬ್ ತಗೊಂಡ್ರ ಒಂದ್ ಡಿಪಿ ಪೋರ್ಟಿಗೆ ಮೂರು ಮಾನಿಟರ್ ಕೂಡ್ತಾವ. ನಾಲ್ಕು ಪೋರ್ಟಿನ ಕಾರ್ಡಿಗೆ ನಾಲ್ಕು ಹಬ್ ಹಾಕಿದ್ರ ಹನ್ನೆರಡು ಬರ್ತಾವಲ್ಲ.

ರಾಘವೇಂದ್ರ

ಸುನೀಲ್ ಸರ್, ಅರ್ಧ ನಿಜ. ಒಂದು ಡಿಪಿ ತಂತಿಯಲ್ಲಿ ಮೂರು ಫುಲ್ ಎಚ್‌ಡಿ ಚಿತ್ರ ಹೋಗೋದು ಹೌದು, ಡಿಪಿ 1.2ರಿಂದಲೇ ಅದಕ್ಕೆ ಜಾಗ ಇದೆ. ಆದರೆ ಹಬ್ ತಂತಿಯನ್ನ ಹಂಚುತ್ತೆ, ಚಿಪ್ಪಿನ ಲೆಕ್ಕವನ್ನ ಹೆಚ್ಚಿಸಲ್ಲ. ಟಿ1000ಕ್ಕೆ ಎಷ್ಟು ಹಬ್ ಹಾಕಿದರೂ ನಾಲ್ಕೇ.

ನಿಮ್ಮ ಮಾತು ಕೆಲಸಕ್ಕೆ ಬರೋದು ಬೋರ್ಡಿನ ಕಡೆ. 12400ರ ಒಳಗಿನ ಗ್ರಾಫಿಕ್ಸಿಗೂ ನಾಲ್ಕು ಪರದೆಯ ಶಕ್ತಿ ಇದೆ, ಆದರೆ ಮಂಜುನಾಥರ ಬೋರ್ಡಿನಲ್ಲಿ ತೂತು ಎರಡೇ. ಮುಂದೆ ಏಳು, ಎಂಟು ಮಾನಿಟರ್ ಬೇಕಾದರೆ ಇನ್ನೊಂದು ಕಾರ್ಡ್ ಬೇಡ, ಬೋರ್ಡಿನ ಡಿಪಿಗೆ ಹಬ್ ಹಾಕಿದರೆ ಆಗುತ್ತೆ. ಇದು ವಿಂಡೋಸಿನ ಮಾತು. ಮ್ಯಾಕ್ ಇಟ್ಟುಕೊಂಡವರು ಈ ಹಬ್ ಕೊಳ್ಳಬೇಡಿ, ಅದರಲ್ಲಿ ಎಲ್ಲ ಪರದೆಯಲ್ಲೂ ಒಂದೇ ಚಿತ್ರ ಬರುತ್ತೆ.

ಲತಾ, ತುಮಕೂರು

ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಡೆಸ್ಕಿಗೂ ಇದೇ ಯೋಚನೆ ನಡೀತಿದೆ. 16 ಕ್ಯಾಮೆರಾ ಇವೆ, ಅಂದ್ರೆ 16 ಔಟ್‌ಪುಟ್ ಬೇಕಾಗುತ್ತಲ್ಲ? ಇಂಥ ಕಾರ್ಡ್ ನಾಲ್ಕು ತಗೋಬೇಕಾ?

ರಾಘವೇಂದ್ರ

ಬೇಡ ಮೇಡಂ. ಕ್ಯಾಮೆರಾ ಲೆಕ್ಕಕ್ಕೂ ಔಟ್‌ಪುಟ್ ಲೆಕ್ಕಕ್ಕೂ ಸಂಬಂಧ ಇಲ್ಲ. ಒಂದು 4ಕೆ ಪರದೆಯನ್ನ ನಾಲ್ಕಕ್ಕೆ ನಾಲ್ಕು ಮನೆ ಮಾಡಿದರೆ ಒಂದೊಂದು ಕ್ಯಾಮೆರಾಗೆ 960×540 ಚುಕ್ಕೆ ಸಿಗುತ್ತೆ. ಹಾಗಾಗಿ ಆ ನೋಟಕ್ಕೆ ಕ್ಯಾಮೆರಾ ಕಳಿಸೋ ಸಣ್ಣ ಗಾತ್ರದ ಚಿತ್ರ, ಅಂದ್ರೆ ಸಬ್ ಸ್ಟ್ರೀಮ್ ಸಾಕು. ಪೂರ್ತಿ ಗಾತ್ರದ 16 ಮೇನ್ ಸ್ಟ್ರೀಮ್ ಒಟ್ಟಿಗೆ ಬಿಡಿಸೋಕೆ ಹೋದರೆ ಪಿಸಿ ಸುಮ್ಮನೆ ಏದುಸಿರು ಬಿಡುತ್ತೆ. ಗೇಟಿನ ಕ್ಯಾಮೆರಾ ದೊಡ್ಡದಾಗಿ ಬೇಕಾದರೆ ಎರಡನೇ ಮಾನಿಟರ್ ಇಡಿ, ಅಷ್ಟೆ.

ಮಂಜುನಾಥ

ಕಾರ್ಡ್ ಬಂತು, ಹಾಕಿದೆ. ಕಾರ್ಡಿನ ನಾಲ್ಕೂ ಬಂದ್ವು. ಬೋರ್ಡಿಗೆ ಚುಚ್ಚಿದ ಎರಡೂ "ನೋ ಸಿಗ್ನಲ್" ಅಂತಿವೆ. ಬೋರ್ಡ್ ಹೋಯ್ತಾ?

ರಾಘವೇಂದ್ರ

ಹೋಗಿಲ್ಲ. ಕಾರ್ಡ್ ಕಂಡ ಕೂಡಲೇ ಬೋರ್ಡ್ ಒಳಗಿನ ಗ್ರಾಫಿಕ್ಸನ್ನ ಮಲಗಿಸುತ್ತೆ, ಬಹಳ ಬೋರ್ಡ್‌ಗಳಲ್ಲಿ ಹುಟ್ಟಿನಿಂದಲೇ ಹಾಗೆ. ಬಯೋಸ್‌ಗೆ ಹೋಗಿ `iGPU Multi-Monitor` ಹುಡುಕಿ, `Enabled` ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಅದರ ಹೆಸರು `IGD Multi-Monitor` ಅಥವಾ `Internal Graphics`. ಸೇವ್ ಮಾಡಿ ಬನ್ನಿ. ಆಮೇಲೆ ಇಂಟೆಲ್ ಡ್ರೈವರ್ ಹಾಕಿ. ಪವರ್‌ಶೆಲ್ಲಿನಲ್ಲಿ ಇದನ್ನ ಕೊಟ್ಟರೆ ಇಂಟೆಲ್ ಒಂದು ಸಾಲು, ಎನ್‌ವಿಡಿಯಾ ಒಂದು ಸಾಲು ಬರಬೇಕು:

```
Get-CimInstance Win32_VideoController | Select-Object Name, DriverVersion
```

ಒಂದೇ ಸಾಲು ಬಂದರೆ ಬಯೋಸ್ ಬದಲಾವಣೆ ಕೂತಿಲ್ಲ. ಇಂಟೆಲ್ ಬದಲು `Microsoft Basic Display Adapter` ಅಂತ ಬಂದರೆ ಡ್ರೈವರ್ ಬಾಕಿ ಇದೆ.

ಇನ್ನೊಂದು ಮಾತು. ಬ್ರೌಸರ್ ಒಂದೇ ಗ್ರಾಫಿಕ್ಸ್ ಚಿಪ್ಪಿನಲ್ಲಿ ಚಿತ್ರ ಬರೆಯುತ್ತೆ. ಆ ಕಿಟಕಿಯನ್ನ ಇನ್ನೊಂದು ಚಿಪ್ಪಿನ ಮಾನಿಟರಿಗೆ ಎಳೆದರೆ ವಿಂಡೋಸ್ ಪ್ರತಿ ಚಿತ್ರವನ್ನೂ ಅಲ್ಲಿಗೆ ನಕಲು ಮಾಡಬೇಕು. ಹಾಗಾಗಿ ಸದಾ ಓಡೋ ಚಾರ್ಟ್, ಆಪ್ಷನ್ ಚೈನ್ ಕಾರ್ಡಿನ ನಾಲ್ಕು ಪರದೆಯಲ್ಲಿರಲಿ. ಸುದ್ದಿ, ಮೇಲ್, ಆರ್ಡರ್ ಪುಸ್ತಕ ಬೋರ್ಡಿನ ಎರಡರಲ್ಲಿ. ಆಮೇಲೂ ತಡವರಿಸಿದರೆ ತಪ್ಪು ಕಾರ್ಡಿನದಲ್ಲ, ರ‍್ಯಾಮ್ ನೋಡಿ. ನಲವತ್ತು ಟ್ಯಾಬ್ ತೆರೆದರೆ 16 ಜಿಬಿ ಮುಗಿದೇ ಹೋಗುತ್ತೆ.

ಮಂಜುನಾಥ

ಆರೂ ಬಂದ್ವು ಸರ್! ಆದರೆ ಊಟಕ್ಕೆ ಹೋಗಿ ಬರೋಷ್ಟರಲ್ಲಿ ಎಲ್ಲ ಕಿಟಕಿಗಳೂ ಒಂದೇ ಪರದೆಗೆ ಬಂದು ಗುಡ್ಡೆ ಬಿದ್ದಿದ್ವು.

ರಾಘವೇಂದ್ರ

ಅದು ಡಿಸ್‌ಪ್ಲೇ ಪೋರ್ಟಿನ ಸ್ವಭಾವ. ಬಹಳ ಮಾನಿಟರ್‌ಗಳು ಗಾಢ ನಿದ್ದೆಗೆ ಹೋದಾಗ ಕೇಬಲ್ ಕಿತ್ತಂತೆಯೇ ವಿಂಡೋಸಿಗೆ ಕಾಣುತ್ತೆ. ಮಾನಿಟರಿನ ಮೆನುವಿನಲ್ಲಿ `Deep Sleep` ಇದ್ದರೆ ಆಫ್ ಮಾಡಿ. ವಿಂಡೋಸ್ 11ರಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ `Multiple displays` ತೆರೆದು `Remember window locations based on monitor connection` ಟಿಕ್ ಆಗಿದೆಯಾ ನೋಡಿ. ಇಷ್ಟಾದರೂ ಅಪರೂಪಕ್ಕೊಮ್ಮೆ ಕಿಟಕಿ ಜಾರುತ್ತೆ. ಮಾರುಕಟ್ಟೆ ನಡೆಯೋ 9:15ರಿಂದ 3:30ರವರೆಗೆ ಪರದೆ ಆರದಂತೆ ಪವರ್ ಸೆಟ್ಟಿಂಗಿನಲ್ಲೇ ತಡೆಯೋದು ಎಲ್ಲಕ್ಕಿಂತ ಸುಲಭ.

ಗಣೇಶ, ಪುತ್ತೂರು (ಪೀಠೋಪಕರಣ ಕೆಲಸ)

ಮೇಜಿನ ವಿಷಯ ಯಾರೂ ಹೇಳಲಿಲ್ಲ. 24 ಇಂಚಿನ ಮಾನಿಟರ್ ಅಗಲ ಸುಮಾರು 54 ಸೆಂಟಿಮೀಟರ್. ಮೂರು ಸಾಲಾಗಿ ಇಟ್ಟರೆ 162. ಆರು ಅಡಿ ಅಗಲ, ಎರಡೂವರೆ ಅಡಿ ಆಳ ಮಾಡಿಸಿ, ಆಳ ಕಡಿಮೆಯಾದರೆ ಪರದೆ ಮೂಗಿಗೇ ಬರುತ್ತದೆ. ಕೆಳಸಾಲಿನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ಮೇಲಿನ ಸಾಲು ಮುಖದ ಕಡೆ ಸ್ವಲ್ಪ ಬಾಗಲಿ. ಮೇಲೆ ಆಗಾಗ ಕಣ್ಣು ಹಾಯಿಸುವಂಥದ್ದು ಮಾತ್ರ ಇಡಿ, ಇಲ್ಲದಿದ್ದರೆ ಸಂಜೆಗೆ ಕುತ್ತಿಗೆ ಹಿಡಿಯುತ್ತದೆ.

ಆರು ಮಾನಿಟರ್ ಜೊತೆ ಸ್ಟ್ಯಾಂಡಿನ ಕಬ್ಬಿಣ ಸೇರಿದರೆ 25, 30 ಕೆಜಿ ದಾಟುತ್ತದೆ. ಪಾರ್ಟಿಕಲ್ ಬೋರ್ಡಿನ ಮೇಜಿಗೆ ಕ್ಲಾಂಪ್ ಹಾಕಿದರೆ ಅಂಚು ಪುಡಿ ಪುಡಿ. ಪ್ಲೈವುಡ್ ಮೇಜು ಮಾಡಿಸಿ, ಕ್ಲಾಂಪ್ ಕಚ್ಚುವಲ್ಲಿ ಮೇಲೂ ಕೆಳಗೂ ಕಬ್ಬಿಣದ ತಗಡು ಇಡಿ. ಮಾನಿಟರ್ ಕೊಳ್ಳುವ ಮುಂಚೆ ಹಿಂದೆ 100×100 ಮಿಲಿಮೀಟರಿನ ನಾಲ್ಕು ಸ್ಕ್ರೂ ತೂತು ಇದೆಯಾ ನೋಡಿ. ಅಗ್ಗದ ಕೆಲವಕ್ಕೆ ಇರುವುದೇ ಇಲ್ಲ.

ಸುನೀಲ್

ನಾನಂತೂ ಆರು ಸಣ್ಣವು ಬಿಟ್ಟು 43 ಇಂಚಿನ 4ಕೆ ಎರಡು ಇಡೋದೇ ಚಲೋ ಅಂತೀನಿ. ಒಂದರೊಳಗ ನಾಲ್ಕು ಫುಲ್ ಎಚ್‌ಡಿ, ನಡುವ ಪಟ್ಟಿ ಇಲ್ಲ, ಕಾರ್ಡ್ ಸೈತ ಬ್ಯಾಡ, ಬೋರ್ಡಿನ ಎರಡು ಪೋರ್ಟೇ ಸಾಕು.

ರಾಘವೇಂದ್ರ

ಬೋರ್ಡಿನ ಎಚ್‌ಡಿಎಂಐ 2.0 ಇದ್ದರೆ ಮಾತ್ರ. 1.4 ಆದರೆ 4ಕೆ ಸೆಕೆಂಡಿಗೆ 30 ಚಿತ್ರಕ್ಕೆ ಇಳಿಯುತ್ತೆ, ಮೌಸ್ ತೊದಲಿದ ಹಾಗೆ ಓಡಾಡುತ್ತೆ. ಮಾನಿಟರ್ ಬದಲು ಟಿವಿ ತಂದರೆ ಬಣ್ಣದ ವಿವರ ಕಡಿಮೆ ಮಾಡಿ ತೋರಿಸೋದುಂಟು, ಕೆಂಪು, ಹಸಿರು ಅಂಕಿಗಳ ಅಂಚು ಮಸುಕಾಗುತ್ತೆ. ಮತ್ತೆ ಒಂದು ಪರದೆ ಕೆಟ್ಟರೆ ಅರ್ಧ ಡೆಸ್ಕ್ ಹೋದಂಗೆ. ನಾನು ಆರರ ಪಕ್ಷ, ನೀವು ಎರಡರ ಪಕ್ಷ.

ಮಂಜುನಾಥ

ಯುಪಿಎಸ್ 600 ವಿಎ ಇದೆ, ಸಾಕಾ?

ರಾಘವೇಂದ್ರ

ಅದು ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಹೊರುತ್ತೆ. ಮಾನಿಟರ್ ತಲಾ 20ರಂತೆ 120, ಪಿಸಿ ಸುಮಾರು 120, ಒಟ್ಟು 240. ಹೊರುತ್ತೆ, ಆದರೆ ಕೆಲವೇ ನಿಮಿಷ. ಬೋರ್ಡಿಗೆ ಹಾಕಿದ ಎರಡು ಮಾನಿಟರ್‌ಗಳನ್ನ ಯುಪಿಎಸ್‌ನಿಂದ ಹೊರಗಿಡಿ, ರೂಟರನ್ನ ಒಳಗೆ ಸೇರಿಸಿ. ಕರೆಂಟು ಹೋದಾಗ ಪೊಸಿಷನ್ ಮುಚ್ಚೋಕೆ ಬೇಕಾಗೋದು ಇಂಟರ್ನೆಟ್ಟು, ಆರನೇ ಪರದೆ ಅಲ್ಲ.