ಪವರ್ ಬ್ಯಾಂಕ್ ಕೊಳ್ಳುವಾಗ ಬೆಲೆಯನ್ನು ಯಾವ ಅಂಕಿಯೊಂದಿಗೆ ಹೋಲಿಸಬೇಕು? (ಅನುಭವ ಹಂಚಿಕೆ)

ಕೇಳಿದವರು, ಬೆಂಗಳೂರು: ಊರಿನಲ್ಲಿರುವ ಅಮ್ಮನಿಗೆ ಪವರ್ ಬ್ಯಾಂಕ್ ಕೊಡಿಸಬೇಕು. 10000 ಎಂಎಎಚ್‌ನದು ಒಂದು ₹999ಕ್ಕೆ, ಇನ್ನೊಂದು ₹1,299ಕ್ಕೆ ಇದೆ; 20000ದ್ದು ₹1,799. ಅವರ ಫೋನಿನ ಬ್ಯಾಟರಿ 5000 ಎಂಎಎಚ್, ಮನೆಯಲ್ಲಿರುವುದು 10 ವ್ಯಾಟ್ ಚಾರ್ಜರ್. ನಿಜವಾಗಿ ಯಾವುದು ಅಗ್ಗ, ಯಾವುದು ಸುರಕ್ಷಿತ?

ಮೈಸೂರಿನಿಂದ ಒಬ್ಬರು: ನನ್ನ ಅನುಭವದಲ್ಲಿ ₹999ರದ್ದೇ ಸಾಕು. 10000ದಲ್ಲಿ 5000 ಎರಡು ಸಲ ಹೋಗುತ್ತದೆ, ಅಂದರೆ ಫೋನು ಎರಡು ಸಲ ಪೂರ್ತಿ ತುಂಬುತ್ತದೆ. ಡಬ್ಬಿಯ ಮೇಲೆ ಐಎಸ್‌ಐ ಗುರುತು ಇರುವುದನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ಮೊಬೈಲ್ ರಿಪೇರಿ ಅಂಗಡಿಯವರು, ದಾವಣಗೆರೆ: ಮೈಸೂರಿನವರು ಗುರುತು ನೋಡಿ ಎಂದಿರುವುದು ಸರಿ, ಯಾವ ಗುರುತು ಎಂಬುದನ್ನು ಆಮೇಲೆ ಹೇಳುತ್ತೇನೆ; ಆದರೆ ಎರಡು ಸಲ ತುಂಬುತ್ತದೆ ಎಂಬ ಲೆಕ್ಕ ಕೂಡಿಬರುವುದಿಲ್ಲ. 10000 ಎನ್ನುವುದು ಒಳಗಿನ ಸೆಲ್ಲಿನ ಅಳತೆ, ಅದೂ ಸುಮಾರು 3.7 ವೋಲ್ಟಿನಲ್ಲಿ. ಹೊರಗೆ ಬರುವಾಗ ಅದನ್ನು 5 ವೋಲ್ಟಿಗೆ ಏರಿಸಬೇಕಾಗುತ್ತದೆ, ಆ ಕೆಲಸದಲ್ಲಿ ಒಂದಿಷ್ಟು ಶಾಖವಾಗಿಯೂ ಹೋಗುತ್ತದೆ. ಹಾಗಾಗಿ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಎಂದು ಅಚ್ಚಾಗಿರುವ ಅಂಕಿಯನ್ನು ಹುಡುಕಿ, ಮೂರರದ್ದನ್ನೂ ಇಲ್ಲಿ ಬರೆಯಿರಿ. ಆ ಅಂಕಿಯನ್ನೇ ಮುದ್ರಿಸದ ಮಾಲನ್ನು ನಾನು ಅಂಗಡಿಯಲ್ಲಿ ಇಡುವುದಿಲ್ಲ.

ಕೇಳಿದವರು: ₹999ರದ್ದರಲ್ಲಿ 5800, ₹1,299ರದ್ದರಲ್ಲಿ 6500, ದೊಡ್ಡದರಲ್ಲಿ 12000 ಎಂದಿದೆ. ಮೂರರಲ್ಲೂ ಪಕ್ಕದಲ್ಲಿ 5 ವೋಲ್ಟ್ ಎಂದು ಬರೆದಿದ್ದಾರೆ.

ದಾವಣಗೆರೆ: ಹಾಗಾದರೆ ಆ ಅಂಕಿಯನ್ನು ಐದರಿಂದ ಗುಣಿಸಿ ಸಾವಿರದಿಂದ ಭಾಗಿಸಿ. ನಿಮ್ಮ ಕೈಗೆ ಸಿಗುವುದು ಕ್ರಮವಾಗಿ 29, 32.5 ಮತ್ತು 60 ವ್ಯಾಟ್ ಅವರ್. ಬೆಲೆಯನ್ನು ಅದರಿಂದ ಭಾಗಿಸಿದರೆ ಒಂದು ವ್ಯಾಟ್ ಅವರ್‌ಗೆ ಮೊದಲನೆಯದರಲ್ಲಿ ಸುಮಾರು ₹34, ಎರಡನೆಯದರಲ್ಲಿ ₹40, ದೊಡ್ಡದರಲ್ಲಿ ₹30 ಬೀಳುತ್ತದೆ. ಅಮ್ಮನವರ ಫೋನು ಒಮ್ಮೆ ತುಂಬಲು, ಫೋನಿನೊಳಗೆ ಆಗುವ ನಷ್ಟವನ್ನೂ ಸೇರಿಸಿದರೆ, ಸುಮಾರು 22 ವ್ಯಾಟ್ ಅವರ್ ಬೇಕು. ಅಂದರೆ ₹999ರದ್ದು ಒಂದೂಕಾಲು ಸಲಕ್ಕಿಂತ ತುಸು ಹೆಚ್ಚು ತುಂಬಿಸೀತು, ದೊಡ್ಡದು ಎರಡೂವರೆ ಸಲ ದಾಟೀತು.

ಶಿವಮೊಗ್ಗದಿಂದ ಒಬ್ಬರು: ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವುದರಿಂದ ನಾನು 20000ದ್ದನ್ನು ವೈಫೈ ರೂಟರಿಗಾಗಿಯೇ ಕೊಂಡೆ. ರೂಟರಿಗೆ 12 ವೋಲ್ಟ್ ಬೇಕಿತ್ತು, ಸಾಮಾನ್ಯ ಕೇಬಲ್ ಹಾಕಿದರೆ ದೀಪವೇ ಹತ್ತಲಿಲ್ಲ. ರೂಟರ್ ನಡೆಸುವ ಯೋಚನೆಯಿದ್ದರೆ ಔಟ್‌ಪುಟ್ ಸಾಲಿನಲ್ಲಿ 12 ವೋಲ್ಟ್ ಇದೆಯೇ ನೋಡಿಕೊಳ್ಳಿ.

ಕೇಳಿದವರು: ರೂಟರ್ ಇಲ್ಲ, ಫೋನು ಮಾತ್ರ. ₹1,299ರದ್ದು 22.5 ವ್ಯಾಟ್, ₹999ರದ್ದು 12 ವ್ಯಾಟ್ ಎಂದಿದೆಯಲ್ಲ, ಆ ₹300 ಕೊಡುವುದು ಸಾರ್ಥಕವೇ?

ದಾವಣಗೆರೆ: ಅದು ಫೋನಿನ ಮೇಲಿದೆ. ಫೋನು 10 ವ್ಯಾಟ್ ಮಾತ್ರ ಎಳೆದುಕೊಳ್ಳುವಂಥದ್ದಾಗಿದ್ದರೆ 22.5 ಎಂಬ ಅಂಕಿಗೆ ಕೊಟ್ಟ ಹಣ ಕೆಲಸಕ್ಕೆ ಬರುವುದಿಲ್ಲ. ವೇಗದ ಚಾರ್ಜಿಂಗ್ ಇರುವ ಫೋನಾದರೂ, ಎರಡೂ ಕಡೆ ಒಂದೇ ಪದ್ಧತಿಯಿದ್ದರೆ ಮಾತ್ರ ಆ ವೇಗ ಬರುತ್ತದೆ. ನೀವು ಗಮನಿಸಬೇಕಾದದ್ದು ಇನ್‌ಪುಟ್ ಸಾಲು. ದೊಡ್ಡದರ ಸೆಲ್ಲುಗಳಲ್ಲಿ 74 ವ್ಯಾಟ್ ಅವರ್ ತುಂಬಬೇಕು, ಮನೆಯ 10 ವ್ಯಾಟ್ ಚಾರ್ಜರಿನಲ್ಲಿ ಅದಕ್ಕೆ ಎಂಟು ಗಂಟೆ ಮೀರುತ್ತದೆ. ಕರೆಂಟು ಬಂದು ಹೋಗುವ ಊರಾದರೆ ಅದು ಎಂದೂ ಪೂರ್ತಿ ತುಂಬದೆಯೇ ಉಳಿಯಬಹುದು. 18 ಅಥವಾ 20 ವ್ಯಾಟಿನ ಚಾರ್ಜರಿನ ಬೆಲೆಯನ್ನೂ ಸೇರಿಸಿ ಹೋಲಿಸಿದರೆ ದೊಡ್ಡದರ ಅಗ್ಗ ಅಷ್ಟಾಗಿ ಉಳಿಯುವುದಿಲ್ಲ.

ಇನ್ನು ಸುರಕ್ಷತೆಯ ಮಾತು. ಪವರ್ ಬ್ಯಾಂಕಿನ ಮೇಲೆ ಇರಬೇಕಾದದ್ದು ಹೆಲ್ಮೆಟ್ಟಿನ ಮೇಲೆ ಕಾಣುವ ಐಎಸ್‌ಐ ಗುರುತಲ್ಲ. ಭಾರತೀಯ ಮಾನಕ ಬ್ಯೂರೊ ಅಂದರೆ ಬಿಐಎಸ್‌ನ ನೋಂದಣಿ ಗುರುತು, ಅದರೊಂದಿಗೆ ಐಎಸ್ 13252ರಂಥ ಮಾನಕದ ಸಂಖ್ಯೆ, ‘ಆರ್’ ಅಕ್ಷರದಿಂದ ಆರಂಭವಾಗುವ ಎಂಟು ಅಂಕಿಯ ನೋಂದಣಿ ಸಂಖ್ಯೆ, ಈ ಮೂರೂ ಇರಬೇಕು. ಚಾರ್ಜರಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಒಮ್ಮೆ ನನ್ನ ಬಳಿ ರಿಪೇರಿಗೆ ಬಂದ 20000ದ್ದನ್ನು ಬಿಚ್ಚಿದಾಗ ಒಳಗೆ ಒಂದೇ ಸಣ್ಣ ಸೆಲ್ಲಿತ್ತು, ತೂಕಕ್ಕೆಂದು ಪಕ್ಕದಲ್ಲಿ ಕಬ್ಬಿಣದ ಪಟ್ಟಿಯನ್ನು ಅಂಟಿಸಿದ್ದರು. ಹಾಗಾಗಿ ಕೈಯಲ್ಲಿ ಭಾರವಿದೆ ಎಂದ ಮಾತ್ರಕ್ಕೆ ನಂಬಬೇಡಿ.

ಕೇಳಿದವರು: ಮೂರನ್ನೂ ಹಾಕಿ ನೋಡಿದೆ. ₹1,299ರದ್ದು ಮತ್ತು ದೊಡ್ಡದು ಸರಿಯಾಗಿ ಬಂದವು. ₹999ರದ್ದರಲ್ಲಿ ಮಾತ್ರ ಬೇರೆ ಯಾವುದೋ ಕಾರ್ಖಾನೆಯ ಹೆಸರು ಬರುತ್ತಿದೆ. ಇದು ನಕಲಿಯೇ?

ದಾವಣಗೆರೆ: ಅಷ್ಟರಿಂದಲೇ ಹಾಗೆನ್ನಲಾಗದು. ನೋಂದಣಿ ಸಿಗುವುದು ತಯಾರಿಸುವ ಕಾರ್ಖಾನೆಗೆ, ಮಾರುವ ಕಂಪನಿ ಬೇರೆ ಇರಬಹುದು. ಆ ನೋಂದಣಿಯಲ್ಲಿ ನಿಮ್ಮ ಡಬ್ಬಿಯ ಬ್ರ್ಯಾಂಡ್ ಹೆಸರೂ ಮಾಡೆಲ್ ಸಂಖ್ಯೆಯೂ ಇವೆಯೇ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದನ್ನು ನೋಡಿ.

ಮೈಸೂರು: ಸಂಖ್ಯೆಯನ್ನೇ ಕದ್ದು ಅಚ್ಚು ಹಾಕಿಸಿದ್ದರೆ ಏನು ಮಾಡುವುದು?

ದಾವಣಗೆರೆ: ಅದನ್ನು ಆ್ಯಪ್‌ನಿಂದ ಕಂಡುಹಿಡಿಯಲಾಗದು. ಅದಕ್ಕಾಗಿಯೇ ನಾನು ಬಿಲ್ಲು ಕೊಡದ ಕಡೆಯಿಂದ ಮಾಲು ತರಿಸುವುದಿಲ್ಲ.

ಕೇಳಿದವರು: ಬ್ರ್ಯಾಂಡ್ ಹೆಸರಿದೆ, ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರ ಮಾತ್ರ ಬೇರೆಯಿದೆ. ಕಂಪನಿಗೆ ಬರೆದು ಕೇಳಿದ್ದೇನೆ. ಉತ್ತರ ಬರುವವರೆಗೆ ಅದನ್ನು ಕೊಳ್ಳುವುದಿಲ್ಲ.