ಧಾರೆಯ ಚಿತ್ರದಿಂದ ನೆಂಟರೊಬ್ಬರನ್ನು ತೆಗೆಯಬೇಕಿದೆ: ವಧುವಿನ ತಂದೆಯವರ ಪತ್ರ

ಮಂಡ್ಯ_ಕ್ಲಿಕ್

ಮಂಡ್ಯದಲ್ಲಿ ನಾನು ತೆಗೆದ ಮದುವೆಯೊಂದರ ಆಲ್ಬಮ್ ಇನ್ನೇನು ಪ್ರಿಂಟಿಗೆ ಹೋಗಬೇಕು ಎನ್ನುವಾಗ ವಧುವಿನ ತಂದೆಯವರು ಪತ್ರ ಬರೆದು ಕಳುಹಿಸಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

"ನಾನು ಮತ್ತು ನನ್ನ ಶ್ರೀಮತಿಯವರು ಧಾರೆ ಎರೆಯುತ್ತಿರುವ ಚಿತ್ರದಲ್ಲಿ, ಮಗಳ ಭುಜದ ಹಿಂದೆ ಗಿಳಿಹಸಿರು ಅಂಗಿ ತೊಟ್ಟು ಮೊಬೈಲ್ ಎತ್ತಿ ಹಿಡಿದಿರುವ ನೆಂಟರ ಮೇಲೆಯೇ ಮೊದಲು ಕಣ್ಣು ಹೋಗುತ್ತದೆ. ದಯಮಾಡಿ ಅವರನ್ನು ಅಲ್ಲಿಂದ ತೆಗೆದುಕೊಡಿ. ಸಾಧ್ಯವಾದರೆ ಕುಟುಂಬದ ಗುಂಪುಚಿತ್ರದಲ್ಲಿಯೂ ಅವರು ಕಾಣದಂತೆ ಮಾಡಿಕೊಟ್ಟರೆ ಉಪಕಾರವಾಗುತ್ತದೆ. ಇದಕ್ಕೆ ತಗಲುವ ಖರ್ಚನ್ನು ಸಂಕೋಚವಿಲ್ಲದೆ ತಿಳಿಸಿ."

ಫೋಟೋಶಾಪ್‌ನಲ್ಲಿ Content-Aware Fill ಎಷ್ಟು ಸಲ ಕೊಟ್ಟರೂ ಅವರಿದ್ದ ಜಾಗದಲ್ಲಿ ಮಂಟಪದ ಸೇವಂತಿಗೆ ಹೂಗಳು ಕಲಸಿಹೋದಂತೆ ಬರುತ್ತಿವೆ. ನನಗೆ ಸಾಕಾಗಿಹೋಗಿದೆ, ದಾರಿ ತೋರಿಸಿ.

ಕುವೆಂಪುನಗರ_ಸ್ಟುಡಿಯೋ

ತಪ್ಪು ನಿಮ್ಮ ಸ್ಯಾಂಪ್ಲಿಂಗ್‌ನಲ್ಲಿದೆ. ಹಸಿರು ಗುರುತಿನ ಪ್ರದೇಶದಿಂದ ಮುಖಗಳನ್ನೂ ಸೀರೆಯನ್ನೂ ಅಳಿಸಿ, ಹೂವಿನ ಭಾಗವನ್ನಷ್ಟೇ ಉಳಿಸಿಕೊಂಡರೆ ಸರಿಯಾಗುತ್ತದೆ.

ಮಂಡ್ಯ_ಕ್ಲಿಕ್

ಅದನ್ನೂ ಮಾಡಿದೆ. ಈಗ ಒಂದೇ ಹೂವು ಸಾಲಾಗಿ ಮತ್ತೆ ಮತ್ತೆ ಕಾಣಿಸುತ್ತಿದೆ.

ಕುವೆಂಪುನಗರ_ಸ್ಟುಡಿಯೋ

ಹಾಗಾದರೆ ಸಣ್ಣ ಸಣ್ಣ ಭಾಗಗಳಾಗಿ ಆರಿಸಿ ಪ್ರಯತ್ನಿಸಿ. ಅಷ್ಟಕ್ಕೂ ನಾನಾಗಿದ್ದರೆ 85 ಎಂ.ಎಂ. ಲೆನ್ಸಿನಲ್ಲಿ 1.4ಕ್ಕೆ ತೆಗೆಯುತ್ತಿದ್ದೆ, ಹಿಂದಿನವರು ಯಾರೆಂದೇ ತಿಳಿಯುತ್ತಿರಲಿಲ್ಲ. ನನ್ನ ಎರಡೂ ಬಾಡಿಗಳಿಗೆ ಅಂಥದ್ದೇ ಲೆನ್ಸ್ ಇದೆ.

ಹಳೇ_ಡಾರ್ಕ್‌ರೂಮ್

ಭುಜಕ್ಕೆ ಅಂಟಿಕೊಂಡಂತೆ ನಿಂತವರು 1.4ರಲ್ಲಿಯೂ ಮಾಯವಾಗುವುದಿಲ್ಲ, ಬದಲಿಗೆ ಧಾರೆ ಎರೆಯುವ ನಾಲ್ವರಲ್ಲಿ ಇಬ್ಬರ ಮುಖ ಮಸುಕಾಗುತ್ತದೆ. ಲೆನ್ಸಿನ ಮಾತು ಬಿಡೋಣ.

ಮಂಡ್ಯದವರೇ, ಧಾರೆ ಎರೆಯುವಾಗ ನೀವು ಒಂದೇ ಕ್ಲಿಕ್ ಮಾಡಿರಲಾರಿರಿ. ಅದೇ ಜಾಗದಲ್ಲಿ ನಿಂತು, ಜೂಮ್ ಬದಲಿಸದೆ ತೆಗೆದ ಹಿಂದಿನ ಮುಂದಿನ ಫ್ರೇಮ್‌ಗಳಿವೆಯೇ? ಮೊಬೈಲ್ ಹಿಡಿದವರು ಒಂದೇ ಕಡೆ ನಿಲ್ಲುವುದಿಲ್ಲ. ಅವರು ಪಕ್ಕಕ್ಕೆ ವಾಲಿದ ಫ್ರೇಮ್‌ನಲ್ಲಿ ಅವರ ಹಿಂದಿನ ಹೂವು ಬಯಲಾಗಿರುತ್ತದೆ. ಆ ಫ್ರೇಮನ್ನು ಒಳ್ಳೆಯ ಫ್ರೇಮಿನ ಕೆಳಗಿನ ಲೇಯರಾಗಿಟ್ಟು, ಎರಡನ್ನೂ ಆರಿಸಿ Auto-Align Layers ಕೊಡಿ. ಬಳಿಕ ಮೇಲಿನ ಲೇಯರಿಗೆ ಮಾಸ್ಕ್ ಹಾಕಿ, ನೆಂಟರಿರುವಲ್ಲಿ ಮಾತ್ರ ಕಪ್ಪು ಬ್ರಷ್ ಆಡಿಸಿ. ಫ್ಲ್ಯಾಶ್ ಒಂದೊಂದು ಕ್ಲಿಕ್ಕಿಗೆ ಒಂದೊಂದು ಬಗೆಯಾಗಿ ಬಿದ್ದಿದ್ದರೆ ಕೆಳಗಿನ ಲೇಯರನ್ನು Curvesನಲ್ಲಿ ಸರಿದೂಗಿಸಿ. ಹೀಗೆ ಬರುವುದು ಆ ಮಂಟಪದ ನಿಜವಾದ ಹೂವು. ಈ ಚಿತ್ರ 12×18 ಇಂಚಿನ ಪೂರ್ತಿ ಪುಟಕ್ಕೆ ಹೋಗುವುದಾದರೆ, ಮೊಬೈಲ್ ಪರದೆಯಲ್ಲಿ ಕಾಣದ ತೇಪೆಯೂ ಪ್ರಿಂಟಿನಲ್ಲಿ ಎದ್ದು ಕಾಣುತ್ತದೆ.

ಪಾಂಡವಪುರ_ವಿಡಿಯೋ

ನನಗೂ ಇಂಥದ್ದೇ ಒಂದು ಬಂದಿತ್ತು. ಮದುವೆಗೆ ಬರಲಾಗದ ಅಜ್ಜಿಯವರನ್ನು ಗುಂಪುಚಿತ್ರಕ್ಕೆ ಸೇರಿಸಲು ಕೇಳಿದ್ದರು. ಬೆಳಕಿನ ದಿಕ್ಕು ಹೊಂದದೆ ಅಜ್ಜಿಯವರು ಕಟೌಟಿನಂತೆ ಕಂಡರು.

ಹಳೇ_ಡಾರ್ಕ್‌ರೂಮ್

ಇಲ್ಲಿ ಕೇಳಿರುವುದು ಸೇರಿಸುವುದನ್ನಲ್ಲ, ತೆಗೆಯುವುದನ್ನು.

ಮಂಡ್ಯ_ಕ್ಲಿಕ್

ಅಂಥ ಫ್ರೇಮ್ ಸಿಕ್ಕಿತು, ಹೂವುಗಳು ಸರಿಯಾಗಿ ಕೂತಿವೆ. ಆದರೆ ನೆಂಟರು ಹೋದ ಮೇಲೂ ವಧುವಿನ ಕೆನೆಬಣ್ಣದ ಧಾರೆ ಸೀರೆಯ ಭುಜದ ನೆರಿಗೆಗಳಲ್ಲಿ ಹಸಿರು ಛಾಯೆ ಉಳಿದಿದೆ. ಮೊಬೈಲ್ ಹಿಡಿದ ಕೈ ಮೊಗ್ಗಿನ ಜಡೆಯ ಅಂಚನ್ನು ಮುಚ್ಚಿರುವುದು ಇನ್ನೊಂದು ತೊಡಕು.

ಹಳೇ_ಡಾರ್ಕ್‌ರೂಮ್

ಆ ಹಸಿರು ಅವರ ಅಂಗಿಯಿಂದ ಚಿಮ್ಮಿದ ಫ್ಲ್ಯಾಶ್ ಬೆಳಕು. ಹೊಸ ಲೇಯರ್ ತೆರೆದು ಬ್ಲೆಂಡ್ ಮೋಡನ್ನು Color ಎಂದು ಇಡಿ. ಅದೇ ಸೀರೆಯಲ್ಲಿ ಛಾಯೆ ಬೀಳದ ಭಾಗದಿಂದ ಬಣ್ಣ ತೆಗೆದುಕೊಂಡು, ಮೆತ್ತನೆಯ ಬ್ರಷ್‌ನಿಂದ ಸ್ವಲ್ಪ ಸ್ವಲ್ಪವೇ ಬಳಿಯಿರಿ. ಬಣ್ಣ ಮಾತ್ರ ಬದಲಾಗುತ್ತದೆ, ನೆರಿಗೆಯ ಬೆಳಕು ನೆರಳು ಹಾಗೆಯೇ ಉಳಿಯುತ್ತದೆ. ಜರಿಯ ಮೇಲೆ ಬಳಿಯಬೇಡಿ, ಜರಿ ಸತ್ತುಹೋಗುತ್ತದೆ. ಜಡೆಯ ಅಂಚಿಗೆ ಅದೇ ಜಡೆಯ ಬೇರೊಂದು ಸಾಲಿನ ಮೊಗ್ಗುಗಳನ್ನು ಕ್ಲೋನ್ ಮಾಡಬಹುದು, ಆದರೆ ಸಾಲಿನ ಬಾಗು ತಪ್ಪಬಾರದು.

ಗುಂಪುಚಿತ್ರವನ್ನು ಮಾತ್ರ ಮುಟ್ಟಬೇಡಿ. ನಡುವಿನಿಂದ ಒಬ್ಬರನ್ನು ತೆಗೆದರೆ ಪಕ್ಕದವರ ಅರ್ಧ ತೋಳನ್ನು ನೀವೇ ಹುಟ್ಟಿಸಬೇಕಾಗುತ್ತದೆ. ಅಂದ ಹಾಗೆ, ಆ ನೆಂಟರು ಯಾರ ಕಡೆಯವರು? ಇದನ್ನು ನೀವು ಹೇಳಲೇ ಇಲ್ಲ.

ಮಂಡ್ಯ_ಕ್ಲಿಕ್

ವರನ ಸೋದರಮಾವ.

ಕುವೆಂಪುನಗರ_ಸ್ಟುಡಿಯೋ

ಹಣ ಕೊಡುವವರು ಹೇಳಿದಂತೆ ಮಾಡಿಕೊಟ್ಟರಾಯಿತು, ಅದರಲ್ಲಿ ಕೇಳುವುದೇನಿದೆ?

ಹಳೇ_ಡಾರ್ಕ್‌ರೂಮ್

ಆಲ್ಬಮ್ಮಿನ ಎರಡು ಪ್ರತಿಗಳಿದ್ದರೆ ಒಂದು ವರನ ಮನೆಗೆ ಹೋಗುತ್ತದೆ, ಅಲ್ಲಿ ಪುಟ ತಿರುವುವವರಲ್ಲಿ ಆ ಸೋದರಮಾವನೂ ಇರುತ್ತಾರೆ. ವಧುವಿನ ತಂದೆಯವರಿಗೆ ಫೋನ್ ಮಾಡಿ, ಧಾರೆಯ ಚಿತ್ರ ಎರಡೂ ಪ್ರತಿಗಳಲ್ಲಿ ಬದಲಾಗಬೇಕೇ ಅಥವಾ ತಮ್ಮ ಪ್ರತಿಯಲ್ಲಿ ಮಾತ್ರವೇ ಎಂದು ಕೇಳಿ. ಮೂಲ ಫೈಲನ್ನು ಅಳಿಸಬೇಡಿ.

ಮಂಡ್ಯ_ಕ್ಲಿಕ್

ಪ್ರತಿಗಳು ಎರಡೇ. ವರನ ಮನೆಯವರಿಗೆ ಈ ಪತ್ರದ ವಿಷಯ ತಿಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಸಂಜೆ ಯಜಮಾನರಿಗೆ ಫೋನ್ ಮಾಡಿ ಕೇಳುತ್ತೇನೆ; ಅಲ್ಲಿಯವರೆಗೆ ಪ್ರಿಂಟ್ ತಡೆಯಲು ಲ್ಯಾಬ್‌ಗೆ ತಿಳಿಸಿದ್ದೇನೆ. ಜಡೆಯ ಬಾಗು ಇನ್ನೂ ಕೂತಿಲ್ಲ.